‘ಮಳೆ ಬಂದ್ರು ಬರ್ತಿದ್ರು’: ಭಾಷಣ ಬರೆಯೋರಿಗೆ ಕ್ರಿಯಾಪದದ ಬಗ್ಗೆ ಒಂದಿಷ್ಟು ಮಾತು

ಮೊನ್ನೆ ತೀರ್ಥಹಳ್ಳಿಯಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಮೂರ್ನಾಲ್ಕು ಜನ ಕೇಳಿದ್ರು. ಅವತ್ತು ಮಳೆ ಹೊಡೀತಿದ್ದ ರಭಸಕ್ಕೆ ಸಭೆ ನಡೆದ ಹಾಲ್‌ನ ಶೀಟಿನ ಮೇಲೆ ಸದ್ದೋ ಸದ್ದು, ಹಿಂದಿನ ಸಾಲಿನವರಿಗೆ ಅರ್ಧ ಕೇಳಲೇ ಇಲ್ಲವಂತೆ, ಹಾಗಾಗಿ ಇದು. ಮಾತಾಡಿದ ಹಾಗೇ ಆಡುಮಾತಲ್ಲೇ ಬರೆದಿದೀನಿ, ಶುರುವಿಂದ ಕೊನೇ ತನಕ ಅದರಲ್ಲೇ ಇರ್ತೀನಿ ಅಂತ ಹಟ ಬೇರೆ ಹಿಡಿದಿದೀನಿ, ಎಲ್ಲಾದ್ರೂ ಜಾರಿದ್ರೆ ಹಿಡೀರಿ, ಬೇಜಾರಿಲ್ಲ.

ನಾನು ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ದೆ, ಈಗ ರಿಟೈರ್ಡು. ಮೇಷ್ಟ್ರಾಗಿದ್ದಷ್ಟು ದಿನವೂ, ಈಗಲೂ, ಊರೋರ ಭಾಷಣ ಬರೆದುಕೊಡೋ ಬಿಟ್ಟಿ ಕೆಲಸ ಒಂದು ನನಗೆ ಅಂಟಿಕೊಂಡಿದೆ. ಸ್ವಾಗತ, ವಂದನಾರ್ಪಣೆ, ಬೀಳ್ಕೊಡುಗೆ, ಸೊಸೈಟಿ ವಾರ್ಷಿಕ ಸಭೆ, ಮದುವೆಮನೆಯಲ್ಲಿ ಹಿರಿಯರಿಗೊಂದು ಸನ್ಮಾನ, ಏನೇ ಇರಲಿ, ಹಿಂದಿನ ದಿನ ಸಂಜೆ ಯಾರಾದ್ರೂ ಒಬ್ಬರು ಹಾಳೆ ಹಿಡ್ಕೊಂಡು ಜಗಲಿಗೆ ಬರ್ತಾರೆ. ಹೆಚ್ಚಿನವರು ಬರೆದೇ ತಂದಿರ್ತಾರೆ, ‘ಸ್ವಲ್ಪ ನೋಡಿ ಸರ್, ಏನೋ ಸರಿ ಇಲ್ಲ, ಏನು ಅಂತ ಗೊತ್ತಾಗ್ತಿಲ್ಲ’ ಅಂತಾರೆ. ಆ ‘ಏನೋ’ ಅನ್ನೋದು ನೂರಕ್ಕೆ ಎಂಬತ್ತು ಸಲ ಒಂದೇ, ಅರ್ಧ ವಾಕ್ಯ ಪುಸ್ತಕದ ಕನ್ನಡದಲ್ಲಿ ಮುಗಿದಿರ್ತದೆ, ಅರ್ಧ ಮನೆ ಕನ್ನಡದಲ್ಲಿ. (ನೂರಕ್ಕೆ ಎಂಬತ್ತು ಅಂದಿದ್ದು ನನ್ನ ಜಗಲಿ ಲೆಕ್ಕ, ಯಾರೂ ಎಣಿಸಿಲ್ಲ.)

ಅವತ್ತು ನಾನು ಸಭೆಗೆ ಒಂದೇ ಹಾಳೆ ತಗೊಂಡು ಹೋಗಿದ್ದೆ. ನನ್ನ ಹಳೇ ಸ್ಟೂಡೆಂಟ್ ಒಬ್ಬಳು, ಈಗ ಬೆಂಗಳೂರಲ್ಲಿ ಡಿಗ್ರಿ ಓದ್ತಿದಾಳೆ, ಅವಳು ಓದಿದ ಹಳ್ಳಿ ಪ್ರೈಮರಿ ಶಾಲೆಯ ಹೆಡ್ ಟೀಚರ್ ನಿವೃತ್ತಿಗೆ ಹಳೇ ವಿದ್ಯಾರ್ಥಿಗಳ ಪರವಾಗಿ ಮಾತಾಡಬೇಕಿತ್ತು. ಅವಳು ಬರೆದು ತಂದಿದ್ದು ಇಷ್ಟು, ಒಂದಕ್ಷರ ತಿದ್ದದೆ ಕೊಡ್ತೀನಿ, ಅವಳೇ ಒಪ್ಪಿಗೆ ಕೊಟ್ಟಿದಾಳೆ:

“ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಇಂದು ನಾವೆಲ್ಲರೂ ನಮ್ಮ ಮುಖ್ಯೋಪಾಧ್ಯಾಯಿನಿಯವರನ್ನು ಬೀಳ್ಕೊಡಲು ಸೇರಿದ್ದೇವೆ. ಟೀಚರ್ ಈ ಶಾಲೆಗೆ ಬಂದಾಗ ಹಳ್ಳ ದಾಟೋಕೆ ಸಂಕ ಇರಲಿಲ್ಲ. ದಿನಾ ಎರಡು ಮೈಲಿ ನಡ್ಕೊಂಡು ಬರ್ತಿದ್ರು. ಒಂದು ದಿನವೂ ರಜೆ ಹಾಕುತ್ತಿರಲಿಲ್ಲ. ಮಳೆ ಬಂದ್ರು ಬರ್ತಿದ್ರು. ಅವರ ಸೇವೆಯನ್ನು ಈ ಊರು ಎಂದಿಗೂ ಮರೆಯುವುದಿಲ್ಲ ಅಂತ ಹೇಳಲು ಇಚ್ಛಿಸುತ್ತೇನೆ. ಅವರು ಇಲ್ಲದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ. ದೇವರು ಅವರಿಗೆ ಆಯುರಾರೋಗ್ಯ ನೀಡಲಿ ಎಂದು ಪ್ರಾರ್ಥಿಸುವೆ.”

ಮಾತು ಒಳ್ಳೇದೇ. ಸಂಕದ ವಿಷಯ ಬಂತಲ್ಲ, ಅದು ಆ ಶಾಲೆಯಲ್ಲಿ ಓದಿದವರಿಗೆ ಮಾತ್ರ ಬರೋ ಮಾತು. ಆದರೆ ಜೋರಾಗಿ ಓದು ಅಂದೆ, ಓದಿದಳು, ಮೂರನೇ ವಾಕ್ಯಕ್ಕೆ ದನಿ ಬದಲಾಯ್ತು, ನಾಲ್ಕನೇದಕ್ಕೆ ಮತ್ತೆ ಗಟ್ಟಿಯಾಯ್ತು, ಐದನೇದಕ್ಕೆ ‘ಮಳೆ ಬಂದ್ರು’ ಅಂತ ನಿಂತುಬಿಟ್ಟಳು, ತಾನೇ ಬರೆದಿದ್ದು, ತನಗೇ ಓದಲಿಕ್ಕೆ ಬರಲಿಲ್ಲ. ಮಳೆ ಎಲ್ಲಿಂದ ‘ಬಂದ್ರು’, ಮಳೆಗೇನು ಬಹುವಚನವಾ ಮಾರಾಯ್ತಿ ಅಂತ ನಾನು ನಕ್ಕೆ, ಅವಳೂ ನಕ್ಕಳು. ಅವಳು ಅಂದುಕೊಂಡಿದ್ದು ‘ಬಂದರೂ’. ಇದಕ್ಕೆ ಆಮೇಲೆ ಬರ್ತೀನಿ, ಇವತ್ತಿನ ಮಾತಲ್ಲಿ ನನಗೆ ಮುಖ್ಯ ಅನಿಸಿದ್ದು ಅದೇ.

ಮೊದಲು ಪೆನ್ಸಿಲ್ ಕೊಟ್ಟು ಹೇಳಿದೆ, ಒಳಗಿನ ಪದ ಯಾವುದೂ ನೋಡಬೇಡ, ಪ್ರತಿ ವಾಕ್ಯದ ಕೊನೆಯಲ್ಲಿರೋ ಕ್ರಿಯಾಪದ ಮಾತ್ರ ನೋಡು, ಪುಸ್ತಕದ ರೂಪ ಇದ್ರೆ ಕೆಳಗೆ ಗೆರೆ ಎಳಿ, ಬಾಯಿಮಾತಿನ ರೂಪ ಇದ್ರೆ ಸುತ್ತ ವೃತ್ತ ಹಾಕು, ಎರಡೂ ಕಡೆ ಒಂದೇ ಥರ ಇರೋದಿದ್ರೆ ಬಿಟ್ಟುಬಿಡು. ಎಂಟು ವಾಕ್ಯ. ಸೇರಿದ್ದೇವೆ, ಗೆರೆ. ಇರಲಿಲ್ಲ, ಬಿಡು. ಬರ್ತಿದ್ರು, ವೃತ್ತ. ಹಾಕುತ್ತಿರಲಿಲ್ಲ, ಗೆರೆ. ಬರ್ತಿದ್ರು, ವೃತ್ತ. ಇಚ್ಛಿಸುತ್ತೇನೆ, ಗೆರೆ. ನಿಂತಿರ್ತಿರಲಿಲ್ಲ, ವೃತ್ತ. ಕೊನೇದು ಪ್ರಾರ್ಥಿಸುವೆ, ಇದಕ್ಕೇನು ಹಾಕಬೇಕು ಅಂತ ಅವಳು ನನ್ನ ಮುಖ ನೋಡಿದಳು. ಇದು ಎರಡೂ ಅಲ್ಲ, ಇನ್ನೂ ಮೇಲಿನ ಮೆಟ್ಟಿಲು. ಇಚ್ಛಿಸುತ್ತೇನೆ ಅನ್ನೋದು ಪೇಪರಿನ ಕನ್ನಡ, ಪ್ರಾರ್ಥಿಸುವೆ ಅನ್ನೋದು ಪದ್ಯದ್ದು, ಆಮಂತ್ರಣ ಪತ್ರಿಕೆಯದ್ದು. ಕೋರುವೆ, ಅರ್ಪಿಸುವೆ, ಹಾರೈಸುವೆವು, ಇವೆಲ್ಲ ಅದೇ ಮನೆಯವು. ಅಂದ್ರೆ ಎಂಟು ವಾಕ್ಯದಲ್ಲಿ ಮೂರು ಮೆಟ್ಟಿಲು ಹತ್ತಿ ಇಳಿದಿದಾಳೆ, ಅದೂ ಒಂದೊಂದು ವಾಕ್ಯಕ್ಕೆ ಒಂದೊಂದು ಸಲ. ಕೇಳೋರಿಗೆ ಇದು ತಪ್ಪು ಅಂತ ಗೊತ್ತಾಗೋದಿಲ್ಲ, ಆದರೆ ಹುಡುಗಿ ಮಾತಾಡ್ತಿದಾಳೋ ಓದ್ತಿದಾಳೋ ಅಂತ ಗೊಂದಲ ಆಗ್ತದೆ.

ಗೆರೆ, ವೃತ್ತ ಎಲ್ಲೆಲ್ಲಿ ಬಿದ್ದಿವೆ ಅಂತ ನೋಡಿದ್ರೆ ಕಾರಣ ತಾನಾಗೇ ಕಾಣ್ತದೆ. ಮೊದಲ ವಾಕ್ಯ, ಕೊನೇ ವಾಕ್ಯ, ಮತ್ತೆ ಆ ‘ಸೇವೆಯನ್ನು ಎಂದಿಗೂ’ ಅನ್ನೋ ವಾಕ್ಯ, ಇವು ಅವಳವಲ್ಲ, ಎಲ್ಲ ಸಮಾರಂಭದಲ್ಲೂ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದು, ಬರೋವಾಗ ತಮ್ಮ ಕ್ರಿಯಾಪದ ತಾವೇ ಹೊತ್ತು ತಂದಿವೆ. ನಡುವಿನ ಸಂಕ, ಮಳೆ, ನಡೆದು ಬರೋದು ಅವಳ ನೆನಪು, ನೆನಪು ಆಗೋದೇ ಬಾಯಿಮಾತಲ್ಲಿ. ನಾನು ನೋಡಿದ ಹಾಳೆಗಳಲ್ಲಿ ಹೆಚ್ಚಿನವು ಹೀಗೇ, ತಲೆ ಬಾಲ ಗ್ರಾಂಥಿಕ, ಹೊಟ್ಟೆ ಆಡುಮಾತು. ಹಾಗಾಗಿ ಯಾವುದು ಇಟ್ಟುಕೊಳ್ಳಬೇಕು ಅಂತ ತೀರ್ಮಾನ ಮಾಡೋವಾಗ ಮೊದಲ ವಾಕ್ಯ ನೋಡಿ ಮಾಡಬೇಡಿ, ಹೊಟ್ಟೆ ನೋಡಿ ಮಾಡಿ. ಮೊದಲ ವಾಕ್ಯ ಬದಲಾಯಿಸೋದು ಎರಡು ನಿಮಿಷದ ಕೆಲಸ, ಹೊಟ್ಟೆ ಬದಲಾಯಿಸಲಿಕ್ಕೆ ಹೋದ್ರೆ ನೆನಪೇ ಬಣ್ಣಗೆಡ್ತದೆ.

ಆದರೆ ಹೊಟ್ಟೆ ಒಂದೇ ಸಾಲದು, ಇನ್ನೊಂದು ಪ್ರಶ್ನೆ ಕೇಳಬೇಕು, ಯಾರ ಬಾಯಲ್ಲಿ ಓದಿಸ್ತೀರಿ? ಬರೆದವರೇ ಓದೋದಾದ್ರೆ ಆಡುಮಾತು ಧೈರ್ಯವಾಗಿ ಬರೀಬಹುದು. ಬೇರೆಯವರು ಓದೋದಾದ್ರೆ ಗ್ರಾಂಥಿಕವೇ ಕ್ಷೇಮ. ಯಾಕೆ ಅಂದ್ರೆ ಕಾಗದದ ಮೇಲೆ ‘ಬರುತ್ತಿದ್ದರು’ ಅಂತ ಇದ್ದರೂ ಓದೋ ಬಾಯಿ ತಾನಾಗೇ ಒಂದು ಸ್ವರ ನುಂಗಿ ‘ಬರ್ತಿದ್ದರು’ ಅಂತಲೋ, ಊರಿನ ಥರವೋ ಹೇಳ್ಕೊಳ್ತದೆ, ಯಾರಿಗೂ ತೊಡಕಿಲ್ಲ. ಅದರ ಉಲ್ಟಾ ನಡೆಯೋದಿಲ್ಲ. ನಾನು ನನ್ನ ಬಾಯಿಗೆ ತಕ್ಕ ಹಾಗೆ ನುಂಗಿ ಬರೆದಿದ್ದನ್ನ ಶಿಕಾರಿಪುರ ದಾಟಿದ ಊರಿನವರು, ‘ಐತಿ’ ಅನ್ನೋರು, ಓದೋವಾಗ ಎಲ್ಲಿ ಏನು ನುಂಗಿದೀನಿ ಅಂತ ಅವರಿಗೆ ಗೊತ್ತಾಗೋದು ಹೇಗೆ? ಅದಕ್ಕೇ ಅದೇ ಬೀಳ್ಕೊಡುಗೆಯಲ್ಲಿ ಓದಿದ ಸನ್ಮಾನ ಪತ್ರ ಪೂರ್ತಿ ಗ್ರಾಂಥಿಕದಲ್ಲಿತ್ತು, ಇರಬೇಕಾದ್ದೇ, ಅದು ಫ್ರೇಮು ಹಾಕಿಸಿ ಗೋಡೆಗೆ ಹೊಡೆಯೋ ಕಾಗದ, ಯಾರೋ ಓದ್ತಾರೆ, ಇಪ್ಪತ್ತು ವರ್ಷ ಬಿಟ್ಟು ಮತ್ಯಾರೋ ನೋಡ್ತಾರೆ. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದೋರಿಗೆ ಇದು ಹೊಸದಲ್ಲ, ಅದೇ ರೇಡಿಯೋದಲ್ಲಿ ವಾರ್ತೆ ಓದೋರು ‘ತಿಳಿಸಿದ್ದಾರೆ’ ಅಂತಾರೆ, ರೈತರ ಜೊತೆ ಅಡಿಕೆ ಕೊಳೆರೋಗದ ಬಗ್ಗೆ ಮಾತಾಡೋರು ‘ಔಷಧಿ ಹೊಡೆದ್ರಾ’ ಅಂತಾರೆ, ಒಂದರೊಳಗೆ ಇನ್ನೊಂದು ಕಲಸೋದಿಲ್ಲ.

ಸಭೆಯಲ್ಲಿ ಇಲ್ಲಿಗೆ ಒಬ್ಬರು ಹಿರಿಯರು ಎದ್ದು, ‘ಆದರೂ ಗುರುಗಳ ಬಗ್ಗೆ ಆಡುಮಾತಲ್ಲಿ ಮಾತಾಡೋದು ಅಗೌರವ ಅಲ್ವಾ ಮೇಷ್ಟ್ರೇ’ ಅಂದ್ರು. ನ್ಯಾಯವಾದ ಪ್ರಶ್ನೆ, ತುಂಬ ಜನ ಹೀಗೆ ಅಂದುಕೊಂಡೇ ಹಾಳೆ ಕೆಡಿಸಿಕೊಳ್ತಾರೆ. ಬರುತ್ತಿದ್ದರು, ಬರ್ತಿದ್ರು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೊದಲನೇದರಲ್ಲಿ ಐದು ಅಕ್ಷರ, ಎರಡನೇದರಲ್ಲಿ ಮೂರು. ಹೋಗಿದ್ದು ನಡುವಿನ ಸ್ವರ, ಕೊನೆಯ ‘ರು’ ಹೋಗಿಲ್ಲ. ಗೌರವ ಇರೋದು ಆ ‘ರು’ನಲ್ಲಿ. ‘ಬರುತ್ತಿದ್ದಳು’ ಅಂದ್ರೆ ಎಷ್ಟು ಗ್ರಾಂಥಿಕ ಆದರೂ ಟೀಚರಿಗೆ ಅಗೌರವವೇ.

ಇನ್ನೊಂದು ಗೊಂದಲವೂ ಇದರ ಜೊತೆಗೇ ಬರ್ತದೆ. ಗ್ರಾಂಥಿಕ ಅಂದ್ರೆ ಸಂಸ್ಕೃತ ಪದ ತುಂಬೋದು ಅಂತ ಅಂದುಕೊಂಡಿರ್ತಾರೆ. ‘ಆಸೀನರಾಗಿರುವ’ ಬದಲು ‘ಕುಳಿತಿರುವ’ ಅಂದರೂ ಅದು ಗ್ರಾಂಥಿಕವೇ. ಪದ ಯಾವುದು ಅನ್ನೋದು ಬೇರೆ, ಕ್ರಿಯಾಪದದ ಬಾಲ ಯಾವುದು ಅನ್ನೋದು ಬೇರೆ. ಅವಳ ಹೊಟ್ಟೆ ಭಾಗವನ್ನ ಗ್ರಾಂಥಿಕಕ್ಕೆ ತಂದು ಅವಳಿಗೆ ತೋರಿಸಿದೆ: “ಅವರು ಈ ಶಾಲೆಗೆ ಬಂದಾಗ ಹಳ್ಳಕ್ಕೆ ಸಂಕ ಇರಲಿಲ್ಲ. ದಿನವೂ ಎರಡು ಮೈಲಿ ನಡೆದು ಬರುತ್ತಿದ್ದರು. ಮಳೆ ಎಷ್ಟೇ ಬಂದರೂ ಬರುತ್ತಿದ್ದರು. ಒಂದು ದಿನವೂ ರಜೆ ಹಾಕಲಿಲ್ಲ.” ಸಂಕ ಸಂಕವಾಗೇ ಉಳೀತು, ‘ಸೇತುವೆ’ ಆಗಬೇಕಾಗಿಲ್ಲ. ಇದೂ ಚೆನ್ನಾಗೇ ಇದೆ, ಬೇರೆ ಯಾರಾದ್ರೂ ಓದೋದಿದ್ದರೆ ನಾನು ಇದನ್ನೇ ಕೊಡ್ತಿದ್ದೆ.

ಆದರೆ ಓದೋಳು ಅವಳು, ಎದುರಿಗೆ ಕೂರೋರು ಅವಳ ಟೀಚರ್. ಆಡುಮಾತು ಅಂತ ತೀರ್ಮಾನ ಆಯ್ತು. ಈಗ ಯಾರ ಆಡುಮಾತು?

ಅವಳ ಹಾಳೆಯಲ್ಲಿ ‘ದಾಟೋಕೆ’ ಅಂತ ಇತ್ತಲ್ಲ, ನೀನು ಮನೇಲಿ ಅಮ್ಮನ ಹತ್ತಿರ ದಾಟೋಕೆ ಅಂತೀಯಾ ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, ‘ಇಲ್ಲ ಸರ್, ದಾಟ್ಲಿಕ್ಕೆ ಅಂತೀನಿ’ ಅಂದಳು. ದಾಟೋಕೆ ಬಂದಿದ್ದು ಬೆಂಗಳೂರಿನ ಹಾಸ್ಟೆಲಿಂದ. ಟಿವಿಯಲ್ಲಿ, ಸಿನಿಮಾದಲ್ಲಿ ಕೇಳೋ ಆಡುಮಾತು ಬೆಂಗಳೂರು ಮೈಸೂರು ಕಡೆಯದು, ಮಾಡೋಕೆ, ಆಗುತ್ತೆ, ಬರುತ್ತೆ. ನಮ್ಮ ಘಟ್ಟದ ಅಂಚಿನ ಮಾತಲ್ಲಿ ಮಾಡ್ಲಿಕ್ಕೆ, ಆಗ್ತದೆ, ಬರ್ತದೆ. ಎರಡೂ ಆಡುಮಾತೇ, ಎರಡೂ ಸರಿ, ಆದರೆ ಒಂದೇ ಹಾಳೆಯಲ್ಲಿ ಒಂದು ಕಡೆ ‘ಆಗುತ್ತೆ’, ಇನ್ನೊಂದು ಕಡೆ ‘ಆಗ್ತದೆ’ ಬಂದ್ರೆ ಅದೂ ಒಂಥರಾ ಕಲಬೆರಕೆಯೇ, ಊರಲ್ಲಿ ಕೂತು ಕೇಳೋರಿಗೆ ಅದು ಗ್ರಾಂಥಿಕಕ್ಕಿಂತ ಬೇಗ ಕಿವಿಗೆ ಹೊಡೀತದೆ, ‘ಪೇಟೆಗೆ ಹೋಗಿ ಮಾತು ಬದಲಾಯ್ತು ನೋಡು’ ಅಂತಾರೆ. ಹಾಗಾಗಿ ನಿಮ್ಮ ಬಾಯಲ್ಲಿ ಏನು ಬರ್ತದೋ ಅದನ್ನೇ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲ, ಒಂದು ಅಪಾಯ ಒಟ್ಟಿಗೇ ಇದೆ. ‘ಆಗುತ್ತದೆ’ ಅನ್ನೋ ಪುಸ್ತಕದ ರೂಪಕ್ಕೂ ನಮ್ಮ ‘ಆಗ್ತದೆ’ಗೂ ನಡುವೆ ಇರೋದು ಒಂದು ಉಕಾರ, ಒಂದು ಒತ್ತು, ಅಷ್ಟೆ. ಮಾಡಲಿಕ್ಕೆ ಅನ್ನೋದಂತೂ ಬರಹದಲ್ಲೂ ನಡೀತದೆ, ಅಪ್ಪಟ ಗ್ರಾಂಥಿಕದ ‘ಮಾಡಲು’ ಪಕ್ಕದ ಮನೆಯದ್ದು. ಹಾಗಾಗಿ ಮಲೆನಾಡಿನ ಆಡುಮಾತಲ್ಲಿ ಬರೆದ ಭಾಷಣ ಗ್ರಾಂಥಿಕ ಕೇಳಿ ಅಭ್ಯಾಸ ಆದೋರಿಗೂ ಒರಟು ಅನಿಸೋದಿಲ್ಲ, ಇದು ಅನುಕೂಲ. ಅಪಾಯ ಏನು ಅಂದ್ರೆ ಜಾರಿದ್ದು ನಮಗೆ ಗೊತ್ತೇ ಆಗೋದಿಲ್ಲ. ಮೈಸೂರಿನವರು ‘ಆಗುತ್ತೆ’ ಬರೆಯೋ ಕಡೆ ‘ಆಗುತ್ತದೆ’ ಬಂದ್ರೆ ಕಿವಿ ಹಿಡೀತದೆ, ನಾವು ‘ಆಗ್ತದೆ’ ಬರೆಯೋ ಕಡೆ ‘ಆಗುತ್ತದೆ’ ಬಂದ್ರೆ ಓದೋ ಬಾಯಿ ನುಂಗಿಬಿಡ್ತದೆ, ಹಾಳೆಯಲ್ಲಿ ಹಾಗೇ ಉಳೀತದೆ. ಅದಕ್ಕೇ ನಾನು ಕಿವಿ ನಂಬಬೇಡಿ, ಪೆನ್ಸಿಲ್ ನಂಬಿ ಅನ್ನೋದು.

ಕ್ರಿಯಾಪದದ ಬಾಲ ಹಿಡಿಯೋದು ಕಷ್ಟ ಆದ್ರೆ ಅದರ ಪಕ್ಕದಲ್ಲಿ ಕೂತಿರೋ ಸಣ್ಣ ಪದ ಹಿಡೀರಿ, ಅವು ಸುಳ್ಳು ಹೇಳೋದಿಲ್ಲ. ಎಂದು ಇದ್ರೆ ಗ್ರಾಂಥಿಕ, ಅಂತ ಇದ್ರೆ ಆಡುಮಾತು. ಎಂಬ, ಅನ್ನೋ. ಮಾಡುವ, ಮಾಡೋ. ಅವರನ್ನು, ಅವರನ್ನ. ಎರಡನೇ ಸಲ ಹಾಳೆ ನೋಡೋವಾಗ ಇವುಗಳ ಮೇಲೆ ಮಾತ್ರ ಕಣ್ಣಿಡಬೇಕು. ಅವಳ ಹಾಳೆಯ ಆರನೇ ವಾಕ್ಯ ನೋಡಿ, ‘ಮರೆಯುವುದಿಲ್ಲ ಅಂತ ಹೇಳಲು ಇಚ್ಛಿಸುತ್ತೇನೆ’. ಕೊನೆ ನೋಡಿದ್ರೆ ಗೆರೆ, ಗ್ರಾಂಥಿಕ ಅಂತ ಪಾಸಾಗಿತ್ತು. ಒಳಗೆ ನೋಡಿದ್ರೆ ಮರೆಯುವುದಿಲ್ಲ ಪುಸ್ತಕದ್ದು, ಅಂತ ಮನೆಯದ್ದು, ಹೇಳಲು ಮತ್ತೆ ಪುಸ್ತಕದ್ದು. ಈ ಜಾಗ ಎಲ್ಲರೂ ಎಡವೋ ಜಾಗ, ಯಾಕೆ ಅಂದ್ರೆ ‘ಎಂದು’ ಅನ್ನೋ ಪದ ನಾವು ದಿನದಲ್ಲಿ ಒಂದು ಸಲವೂ ಬಾಯಲ್ಲಿ ಹೇಳೋದಿಲ್ಲ, ‘ಅಂತ’ ನೂರು ಸಲ ಹೇಳ್ತೀವಿ, ಬರೆಯೋವಾಗ ಕೈ ಅದನ್ನೇ ಬರೆದುಬಿಡ್ತದೆ. ಆಮೇಲೆ ಇನ್ನೊಂದು, ‘ಹೇಳಲು ಇಚ್ಛಿಸುತ್ತೇನೆ’ ಅನ್ನೋದನ್ನ ಯಾವ ರೂಪಕ್ಕೂ ತಿದ್ದಬೇಕಾಗಿಲ್ಲ, ತೆಗೆದುಹಾಕಿ. ಈ ಊರು ಅವರನ್ನ ಮರೆಯೋದಿಲ್ಲ. ಮುಗೀತು. ಹೇಳ್ತಾನೇ ಇದೀಯಲ್ಲ, ಹೇಳಲಿಕ್ಕೆ ಇಚ್ಛೆ ಯಾಕೆ ಬೇರೆ.

ಈಗ ಆ ‘ಮಳೆ ಬಂದ್ರು’ ವಿಷಯ. ಆಡುಮಾತನ್ನ ಕೇಳಿದ ಹಾಗೇ ಬರೆಯಲಿಕ್ಕೆ ಹೋದ್ರೆ ಎಲ್ಲಕ್ಕಿಂತ ದೊಡ್ಡ ಹೊಂಡ ಇರೋದು ಇಲ್ಲಿ. ಬಂದರು ಅಂದ್ರೆ ಯಾರೋ ಬಂದರು. ಬಂದರೂ ಅಂದ್ರೆ ಬಂದರೂ ಕೂಡ. ಬಾಯಲ್ಲಿ ಎರಡೂ ‘ಬಂದ್ರು’ ಹತ್ತಿರ ಹತ್ತಿರ ಬರ್ತವೆ, ಆದರೆ ದನಿ ಏರಿಳಿತದಲ್ಲಿ ಬೇರೆ ಮಾಡ್ಕೊಳ್ತೀವಿ, ಎರಡನೇದನ್ನ ಸ್ವಲ್ಪ ಎಳೀತೀವಿ, ನಿಲ್ಲೋದಿಲ್ಲ. ಹಾಳೆಯ ಮೇಲೆ ದನಿ ಇಲ್ಲ. ಮಾಡಿದ್ರು ಇನ್ನೂ ಕೆಟ್ಟದು, ಮಾಡಿದರು, ಮಾಡಿದ್ದರು, ಮಾಡಿದರೂ, ಮಾಡಿದ್ದರೂ, ನಾಲ್ಕೂ ಬಂದು ಆ ಒಂದು ಅಕ್ಷರ ಸಾಲಲ್ಲಿ ಕೂತ್ಕೊಳ್ತವೆ. ಮಾಡಿದ್ರೆಯೂ ಹಾಗೇ, ಮಾಡಿದರೆ ಅಂದ್ರೆ ಮುಂದೆ ಮಾಡೋದಾದ್ರೆ, ಮಾಡಿದ್ದರೆ ಅಂದ್ರೆ ಆಗಲೇ ಮಾಡಿ ಆಗಿದ್ದರೆ.

ಇದನ್ನ ನಾನು ಪುಸ್ತಕ ಓದಿ ಕಲ್ತಿದ್ದಲ್ಲ, ಪೆಟ್ಟು ತಿಂದು ಕಲ್ತಿದ್ದು. ಸುಮಾರು ವರ್ಷದ ಹಿಂದೆ ಒಂದು ಸೊಸೈಟಿಯ ವಾರ್ಷಿಕ ಮಹಾಸಭೆಗೆ ಅಧ್ಯಕ್ಷರ ಭಾಷಣ ಬರೆದುಕೊಟ್ಟೆ. ಸೆಪ್ಟೆಂಬರ್ ತಿಂಗಳು. ಜನರಿಗೆ ಹತ್ತಿರ ಆಗಲಿ ಅಂತ ಆಡುಮಾತಲ್ಲೇ ಬರೆದೆ, ಆಗ ನನಗೆ ಅದೊಂದು ಉಮೇದು. ಅದರಲ್ಲಿ ಒಂದು ಸಾಲು, ‘ಮಾರ್ಚ್ ಒಳಗೆ ಕಂತು ಕಟ್ಟಿದ್ರೆ ಬಡ್ಡಿಯಲ್ಲಿ ರಿಯಾಯಿತಿ ಸಿಗ್ತದೆ’. ಅಧ್ಯಕ್ಷರು ಓದಿದ್ರು. ಓದಿ ಮುಗಿಸೋದ್ರೊಳಗೆ ಹಿಂದಿನಿಂದ ಒಬ್ಬರು ಎದ್ದು, ಯಾವ ಮಾರ್ಚು ಸ್ವಾಮಿ ಅಂದ್ರು. ಹೋದ ಮಾರ್ಚ್ ಒಳಗೆ ಕಟ್ಟಿದೋರಿಗೋ, ಬರೋ ಮಾರ್ಚ್ ಒಳಗೆ ಕಟ್ಟೋರಿಗೋ? ಸೆಪ್ಟೆಂಬರಲ್ಲಿ ನಿಂತು ನೋಡಿದ್ರೆ ಎರಡೂ ಮಾರ್ಚು ಆರಾರು ತಿಂಗಳ ದೂರದಲ್ಲಿವೆ. ಹೋದ ಮಾರ್ಚ್ ಆದ್ರೆ ‘ಕಟ್ಟಿದ್ದರೆ’ ಆಗಬೇಕು, ಬರೋ ಮಾರ್ಚ್ ಆದ್ರೆ ‘ಕಟ್ಟಿದರೆ’. ನಾನು ಬರೆದ ‘ಕಟ್ಟಿದ್ರೆ’ ಎರಡಕ್ಕೂ ಸಲ್ತದೆ. ಅಧ್ಯಕ್ಷರಿಗೆ ಆ ಕ್ಷಣಕ್ಕೆ ಗೊತ್ತಾಗಲಿಲ್ಲ, ನನ್ನ ಕಡೆ ನೋಡಿದ್ರು, ನಾನು ಊಟದ ಹಾಲ್‌ನ ಹತ್ತಿರ ನಿಂತಿದ್ದೆ, ಕಾರ್ಯದರ್ಶಿ ಎದ್ದು ಸಮಜಾಯಿಷಿ ಕೊಡಬೇಕಾಯ್ತು, ಕಟ್ಟಿ ಆಗಿದ್ದವರು ಒಂದು ಕಡೆ, ಕಟ್ಟದೆ ಇದ್ದವರು ಒಂದು ಕಡೆ ಆಗಿ ಅರ್ಧ ಗಂಟೆ ಗಲಾಟೆ. ಒಂದು ‘ದ’ ಒತ್ತಿಗೆ. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ.

ಅವತ್ತಿನಿಂದ ನಾನು ಒಂದು ಕಟ್ಟು ಹಾಕ್ಕೊಂಡಿದೀನಿ. ಆಡುಮಾತಲ್ಲಿ ಬರೆಯೋವಾಗ ‘ದ್ರು’ ಅಂದ್ರೆ ಬರೀ ಭೂತಕಾಲ, ಬಂದ್ರು, ಹೇಳಿದ್ರು, ಅಷ್ಟಕ್ಕೇ. ‘ದ್ರೆ’ ಅಂದ್ರೆ ಮುಂದಿನದ್ದು, ಬಂದ್ರೆ, ಕಟ್ಟಿದ್ರೆ. ಉಳಿದವನ್ನ ಪೂರ್ತಿ ಬರೀತೀನಿ, ಬಂದರೂ, ಬಂದಿದ್ದರು, ಬಂದಿದ್ದರೂ, ಕಟ್ಟಿದ್ದರೆ. ಆಡುಮಾತಿನ ಹಾಳೆಯಲ್ಲಿ ಅವು ಗ್ರಾಂಥಿಕದ ಥರ ಕಾಣಬಹುದು, ಕಾಣಲಿ, ಓದೋ ಬಾಯಿ ಎಷ್ಟು ಬೇಕೋ ಅಷ್ಟು ನುಂಗ್ಕೊಳ್ತದೆ, ಅರ್ಥ ಮಾತ್ರ ನುಂಗೋದಿಲ್ಲ. ಯಾರಾದ್ರೂ, ಎಲ್ಲಾದ್ರೂ ಅನ್ನೋವು ಈ ಲೆಕ್ಕಕ್ಕೆ ಬರೋದಿಲ್ಲ, ಅಲ್ಲಿ ಗೊಂದಲ ಆಗೋದಿಲ್ಲ. ಇಷ್ಟು ಮಾಡಿದರೂ ಸಾಲು ತೊಡಕಾಗಿದ್ರೆ ವಾಕ್ಯವನ್ನೇ ಮುರಿದು ಬೇರೆ ಥರ ಹೇಳೋದು ಒಳ್ಳೇದು. ‘ಮಳೆ ಬಂದರೂ ಬರ್ತಿದ್ರು’ ಅಂತ ತಿದ್ದಿದರೂ ಬರೋದು ಬರೋದು ಎರಡು ಸಲ ಬಂದು ನಾಲಿಗೆ ತಡವರಿಸ್ತದೆ. ‘ಎಷ್ಟೇ ಮಳೆ ಇರಲಿ, ಬರ್ತಿದ್ರು’ ಅಂತ ಮಾಡಿದ್ವಿ. ‘ಇರಲಿ’ ಎರಡೂ ಕಡೆ ಸಲ್ಲೋ ರೂಪ. ಇರಲಿ, ಕೊಡಲಿ, ಇರಲಿಲ್ಲ, ಇದೆ, ಬೇಕು, ಹೋಗೋಣ, ಇವೆಲ್ಲ ಯಾವ ಪಂಕ್ತಿಯಲ್ಲಿ ಕೂರಿಸಿದರೂ ಕೂರ್ತವೆ, ತೊಡಕಾದ ಕಡೆ ಇವನ್ನ ನೆನಪು ಮಾಡ್ಕೊಳ್ಳಿ. ಇವನ್ನ ಇರ್ಲಿ, ಇರ್ಲಿಲ್ಲ ಅಂತ ಬರೆದು ಆಡುಮಾತು ಮಾಡಬೇಕಾಗಿಲ್ಲ, ಹಾಗೆ ಬರೆದ್ರೆ ಹಾಳೆ ತುಂಬ ಅರ್ಕಾವೊತ್ತು ತುಂಬಿ ಕನ್ನಡಕ ಹಾಕಿದೋರಿಗೆ ವೇದಿಕೆ ಲೈಟಲ್ಲಿ ಏನೂ ಕಾಣೋದಿಲ್ಲ.

ಕೊನೆಗೆ ಅವಳ ಹಾಳೆ ಹೀಗಾಯ್ತು:

“ವೇದಿಕೆ ಮೇಲಿರೋ ಹಿರಿಯರಿಗೆ, ಊರಿನ ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಹೆಡ್ ಟೀಚರನ್ನ ಬೀಳ್ಕೊಡಲಿಕ್ಕೆ ಎಲ್ಲರೂ ಸೇರಿದೀವಿ. ಟೀಚರ್ ಈ ಶಾಲೆಗೆ ಬಂದಾಗ ಹಳ್ಳಕ್ಕೆ ಸಂಕ ಇರಲಿಲ್ಲ. ದಿನಾ ಎರಡು ಮೈಲಿ ನಡ್ಕೊಂಡು ಬರ್ತಿದ್ರು. ಎಷ್ಟೇ ಮಳೆ ಇರಲಿ, ಬರ್ತಿದ್ರು. ಒಂದು ದಿನ ರಜೆ ಹಾಕಲಿಲ್ಲ. ಟೀಚರ್ ಇಲ್ಲದೆ ಹೋಗಿದ್ದರೆ ನಾನು ಇವತ್ತು ಇಲ್ಲಿ ನಿಲ್ತಿರಲಿಲ್ಲ. ಈ ಊರು ಅವರನ್ನ ಮರೆಯೋದಿಲ್ಲ. ದೇವರು ಅವರಿಗೆ ಒಳ್ಳೆ ಆರೋಗ್ಯ ಕೊಡಲಿ.”

‘ಎಂದು ಪ್ರಾರ್ಥಿಸುವೆ’ ಹೋಯ್ತು, ಕೊಡಲಿ ಅಂದ ಮೇಲೆ ಪ್ರಾರ್ಥನೆ ಆಯ್ತಲ್ಲ. ‘ನಿಂತಿರ್ತಿರಲಿಲ್ಲ’ ಅನ್ನೋದು ‘ನಿಲ್ತಿರಲಿಲ್ಲ’ ಆಯ್ತು, ಮೈಕಿನ ಮುಂದೆ ಎರಡೆರಡು ಸಲ ‘ರ್ತಿರ’ ಹೇಳಿ ನೋಡಿ, ಯಾಕೆ ಅಂತ ಗೊತ್ತಾಗ್ತದೆ. ಇಲ್ಲೂ ‘ಹೋಗಿದ್ದರೆ’ ಪೂರ್ತಿ ಇದೆ ಗಮನಿಸಿ.

ಹಾಗಾದ್ರೆ ಒಂದೇ ರೂಪ ಹಿಡಿದ ಮೇಲೆ ಇನ್ನೊಂದು ಬರಲೇಬಾರದಾ ಅಂತ ಒಬ್ಬ ಕಾಲೇಜು ಹುಡುಗ ಕೇಳಿದ. ಬರಬಹುದು, ಬಾಗಿಲಿದ್ರೆ. ಗ್ರಾಂಥಿಕದ ಭಾಷಣದಲ್ಲಿ ಹೀಗೆ ಬರೀಬಹುದು: ‘ಮಳೆ ಬಂದ್ರೆ ಪಾಠ ನಿಲ್ತದಾ?’ ಎಂದು ಕೇಳುತ್ತಿದ್ದರು. ಆ ಉದ್ಧರಣ ಚಿಹ್ನೆಯ ಒಳಗೆ ಟೀಚರ್ ಮಾತು, ಅವರು ಆಡಿದ ಹಾಗೇ. ‘ಎಂದು’ ಬಂದ ಕೂಡಲೇ ಬಾಗಿಲು ಹಾಕಿತು, ನಾವು ಮತ್ತೆ ನಮ್ಮ ಭಾಷೆಗೆ ಬಂದ್ವಿ. ನಮ್ಮ ಕುಪ್ಪಳಿಯ ಕುವೆಂಪು ಕಾದಂಬರಿಗಳಲ್ಲಿ ಮಾಡಿದ್ದೂ ಇದೇ, ಕಥೆ ಹೇಳೋದು ಗ್ರಾಂಥಿಕದಲ್ಲಿ, ಪಾತ್ರಗಳು ಬಾಯಿ ತೆಗೆದ್ರೆ ಮಲೆನಾಡಿನ ಮಾತು. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಯಾವ ಪುಟ ಬೇಕಾದ್ರೂ ತೆರೀರಿ, ಎರಡರ ನಡುವಿನ ಗಡಿ ಬೆರಳಿಟ್ಟು ತೋರಿಸಬಹುದು. ಓದ್ತಾ ಎಲ್ಲೂ ಜಾರಿದ ಹಾಗೆ ಅನಿಸೋದಿಲ್ಲ, ಯಾಕೆ ಅಂದ್ರೆ ಯಾರು ಮಾತಾಡ್ತಿದಾರೆ ಅನ್ನೋದು ಬದಲಾದಾಗ ಮಾತ್ರ ರೂಪ ಬದಲಾಗ್ತದೆ. ಭಾಷಣದಲ್ಲಿ ಜೋಕು ಬಂದಾಗ ಆಡುಮಾತಿಗೆ ಇಳಿದು, ಮತ್ತೆ ಹತ್ತೋರು ಇದಾರೆ, ಬಾಯಲ್ಲಿ ಆಡೋವಾಗ ಅದು ಚೆನ್ನಾಗೇ ಇರ್ತದೆ, ಮುಖ ನಗ್ತಿರ್ತದಲ್ಲ, ಅದೇ ಬಾಗಿಲು. ಬರೆದು ಓದೋದರಲ್ಲಿ ಆ ಮುಖ ಹಾಳೆ ನೋಡ್ತಿರ್ತದೆ, ಹಾ, ಅದಕ್ಕೇ ಅಲ್ಲಿ ಕೈಕೊಡ್ತದೆ.

ಇನ್ನೊಬ್ಬರು ‘ಮಾಡುತ್ತೀನಿ’ ಅಂತ ಬರೀಬಹುದಾ ಅಂದ್ರು, ನಡು ಪುಸ್ತಕದ್ದು, ಬಾಲ ಬಾಯಿಯದ್ದು. ತುಂಬ ಜನ ಬರೀತಾರೆ. ನನಗೆ ಹಿಡಿಸೋದಿಲ್ಲ, ಹಾಗೆ ಯಾರೂ ಮಾತಾಡೋದೂ ಇಲ್ಲ, ಯಾರೂ ಪುಸ್ತಕದಲ್ಲಿ ಅಚ್ಚು ಹಾಕೋದೂ ಕಮ್ಮಿ. ಆದರೆ ಶುರುವಿಂದ ಕೊನೇ ತನಕ ಅದನ್ನೇ ಬರೆದ್ರೆ ನನ್ನ ಪೆನ್ಸಿಲ್‌ಗೆ ತಕರಾರಿಲ್ಲ.

ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಶಾಲೆ ಮುಂದಿನ ಚಪ್ಪರದ ಕೆಳಗೆ ಹುಡುಗಿ ಚೆನ್ನಾಗಿ ಓದಿದಳು, ‘ಎಷ್ಟೇ ಮಳೆ ಇರಲಿ’ ಅಂದಾಗ ತಲೆ ಎತ್ತಿ ಟೀಚರ್ ಕಡೆ ನೋಡಿದಳು, ಹಾಳೆ ನೋಡಬೇಕಾಗಲಿಲ್ಲ ಅವಳಿಗೆ. ಟೀಚರ್ ಸೆರಗಲ್ಲಿ ಕಣ್ಣು ಒರೆಸಿಕೊಂಡ್ರು. ಚಪ್ಪಾಳೆ ಆಯ್ತು. ಆಮೇಲೆ ನಿರೂಪಣೆ ಮಾಡ್ತಿದ್ದವರು ಮೈಕ್ ತಗೊಂಡು, ಗಂಟಲು ಸರಿಮಾಡಿ, ‘ಈಗ ವಂದನಾರ್ಪಣೆಯನ್ನು ನೆರವೇರಿಸಿಕೊಡಬೇಕೆಂದು ಕೇಳ್ಕೊಳ್ತಾ ಇದ್ದೀನಿ ಎಂದು ವಿನಂತಿಸುವೆ’ ಅಂದ್ರು. ಪೆನ್ಸಿಲ್ ಕಿಸೆಯಲ್ಲೇ ಇತ್ತು. ಹುಡುಗಿ ಹಿಂದಿನ ಸಾಲಿಂದ ನನ್ನ ಕಡೆ ತಿರುಗಿ ನೋಡಿ ನಕ್ಕಳು, ನಾನು ಎಲೆ ಹಾಕ್ತಿದಾರಾ ಅಂತ ಊಟದ ಕಡೆ ನೋಡಿದೆ.